ಜ್ವರ ಬಂದಿತ್ತಾ ಇವಳಿಗೆ?

ಹಾಸನದ ಅಜ್ಜಿಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರೊಳಗಿನ ಫೋಟೋಗಳನ್ನೆಲ್ಲ ಕಳೆದ ಬೇಸಿಗೆಯಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದೆ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತ ಕಪ್ಪು ಬಿಳುಪಿನ ಚಿತ್ರಗಳು, ಮದುವೆ ಆಲ್ಬಮ್ಮಿನಿಂದ ಕಿತ್ತು ಬಂದವು, ಹಿಂದೆ ಅಂಟಿನ ಕಲೆ ಉಳಿದವು. ಅವುಗಳ ಜೊತೆ ಈಚಿನ ಮೊಬೈಲ್ ಚಿತ್ರಗಳನ್ನೂ ಸೇರಿಸಿ, ಮುಖ ನೋಡಿ ಗುಂಪು ಮಾಡುವ ತಂತ್ರಾಂಶವೊಂದಕ್ಕೆ ಒಪ್ಪಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ತಾತನದೊಂದು ಗುಂಪು, ಸೋದರಮಾವನದೊಂದು ಗುಂಪು, ಎಲ್ಲವೂ ಅಚ್ಚುಕಟ್ಟು. ಆದರೆ ನನ್ನ ಅಮ್ಮ ಮತ್ತು ಚಿಕ್ಕಮ್ಮ ಇಬ್ಬರೂ ಸೇರಿ ಒಬ್ಬಳೇ ಹೆಂಗಸಾಗಿದ್ದರು. ಆ ಒಬ್ಬಳಿಗೆ ನಾಲ್ಕೈದು ವರ್ಷದಿಂದ ಅರವತ್ತನಾಲ್ಕರವರೆಗಿನ ಬದುಕಿತ್ತು, ಎರಡು ಮದುವೆಗಳಿದ್ದವು, ಇಬ್ಬರು ಗಂಡಂದಿರಿದ್ದರು.

ಅಮ್ಮನಿಗೂ ಚಿಕ್ಕಮ್ಮನಿಗೂ ಮೂರು ವರ್ಷದ ಅಂತರ. ಊರವರು ಇಬ್ಬರನ್ನೂ ಒಂದೇ ಅಚ್ಚು ಎನ್ನುತ್ತಿದ್ದರಂತೆ. ನನಗೆ ಮಾತ್ರ ಹಾಗೆ ಎಂದೂ ಅನ್ನಿಸಿರಲಿಲ್ಲ. ಅವರಿಬ್ಬರನ್ನು ಬೇರೆ ಮಾಡಿ ನೋಡಲು ನಾನು ಯಾವತ್ತೂ ಕಷ್ಟಪಟ್ಟವನಲ್ಲ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವೂ ಇದೇ ಆದ್ದರಿಂದ, ಚಿತ್ರಗಳನ್ನು ಓದುವ ತಂತ್ರಾಂಶ ಬರೆಯುವುದೇ ಆದ್ದರಿಂದ, ಈ ತಪ್ಪು ಹೇಗಾಯಿತು ಎಂದು ಗೊತ್ತಿದ್ದವನ ಹಾಗೆ ಸರಿಪಡಿಸಲು ಕುಳಿತೆ. ಕೂತಷ್ಟು ಹೊತ್ತೂ ಅಚ್ಚರಿಯೇ ಹೆಚ್ಚಾಯಿತು.

ಮುಖ ಗುರುತಿಸುವ ಮಾಡೆಲ್ ಒಂದು ಚಿತ್ರವನ್ನು ಕೈಗೆತ್ತಿಕೊಂಡಾಗ ಮೊದಲು ಐದು ಚುಕ್ಕೆಗಳನ್ನು ಹುಡುಕುತ್ತದೆ: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಕೊನೆ. ಆಮೇಲೆ ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ, ಆ ಐದು ಚುಕ್ಕೆಗಳು ಪ್ರತಿಯೊಬ್ಬರಿಗೂ ಸರಿಸುಮಾರು ಒಂದೇ ಜಾಗದಲ್ಲಿ ಬರುವಂತೆ ಕೂರಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಆರ್ಕ್‌ಫೇಸ್ ಎಂಬ ವಿಧಾನದಲ್ಲಿ ಈ ಚೌಕದ ಅಳತೆ 112 ಪಿಕ್ಸೆಲ್ ಅಗಲ, 112 ಪಿಕ್ಸೆಲ್ ಎತ್ತರ. ಅದರೊಳಗೆ ಕಣ್ಣಿಂದ ಕಣ್ಣಿಗೆ ಸುಮಾರು 35 ಪಿಕ್ಸೆಲ್. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಇರುತ್ತದೆ. ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ 1.8 ಮಿಲಿಮೀಟರ್. ಚಿಕ್ಕಮ್ಮನ ಎಡಗೆನ್ನೆಯ ಮೇಲೆ ಒಂದು ಮಚ್ಚೆಯಿದೆ, ಎಳ್ಳಿಗಿಂತ ತುಸು ದೊಡ್ಡದು. ಅಮ್ಮನ ಹುಬ್ಬಿನಲ್ಲಿ ಉಯ್ಯಾಲೆಯಿಂದ ಬಿದ್ದ ಗಾಯದ ಗೆರೆಯಿದೆ. ನಾವು ಮಕ್ಕಳೆಲ್ಲ ಗುರುತು ಹಿಡಿಯುತ್ತಿದ್ದ ಆ ಮಚ್ಚೆ ಮಾಡೆಲ್ಲಿನ ಕಣ್ಣಿಗೆ ಸುಮಾರು ಎರಡು ಪಿಕ್ಸೆಲ್ ಮಾತ್ರ. ಹಳೆಯ ಫೋಟೋದ ಧೂಳಿನ ಕಣವೂ ಅಷ್ಟೇ ಇರುತ್ತದೆ.

ಹೀಗೆ ಕೂರಿಸುವಾಗ ಇನ್ನೊಂದೆರಡು ಸಂಗತಿಗಳೂ ಅಳಿಸಿಹೋಗುತ್ತವೆ. ಅಮ್ಮನ ಮುಖ ಚಿಕ್ಕಮ್ಮನದಕ್ಕಿಂತ ದೊಡ್ಡದು. ಎಲ್ಲ ಮುಖಗಳನ್ನೂ ಒಂದೇ ಅಳತೆಗೆ ತಂದ ಮೇಲೆ ಆ ದೊಡ್ಡತನಕ್ಕೆ ಜಾಗವಿಲ್ಲ. ಚಿಕ್ಕಮ್ಮ ಯಾವ ಫೋಟೋದಲ್ಲೂ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿರುತ್ತಾಳೆ. ಕಣ್ಣುಗಳನ್ನು ಮಟ್ಟಕ್ಕೆ ತಂದಾಗ ಆ ವಾಲುವಿಕೆಯೂ ನೆಟ್ಟಗಾಯಿತು. ಕಿವಿ, ಜಡೆ, ಕತ್ತು ಬಹುಪಾಲು ಚೌಕದ ಹೊರಗೇ ಉಳಿದವು.

ಇನ್ನು ಉಳಿದ ಮುಖವನ್ನು ಮಾಡೆಲ್ 512 ಅಂಕೆಗಳ ಒಂದು ಸಾಲಾಗಿ ಮಾಡುತ್ತದೆ. ಇದನ್ನು ಎಂಬೆಡಿಂಗ್ ಎನ್ನುತ್ತಾರೆ. ದಿಕ್ಕು ತೋರಿಸುವ ಮುಳ್ಳು ಎಂದುಕೊಂಡರೆ ಸುಲಭ. ಗಡಿಯಾರದ ಮುಳ್ಳು ತಿರುಗುವುದು ಒಂದು ತಟ್ಟೆಯ ಮೇಲೆ. ಈ ಮುಳ್ಳು ತಿರುಗುವುದು 512 ಆಯಾಮಗಳ ಗೋಳದೊಳಗೆ. ಎರಡು ಫೋಟೋಗಳ ಮುಳ್ಳುಗಳ ನಡುವಿನ ಕೋನ ಚಿಕ್ಕದಾದರೆ ಒಬ್ಬರೇ ವ್ಯಕ್ತಿ, ದೊಡ್ಡದಾದರೆ ಬೇರೆ ಬೇರೆ. ಅಷ್ಟು ಆಯಾಮಗಳಿರುವ ಜಾಗದ ಒಂದು ಗುಣ ಮೊದಲ ಸಲ ಓದಿದ ದಿನದಿಂದಲೂ ನನ್ನನ್ನು ಕಾಡಿದೆ. ಅಲ್ಲಿ ಕಣ್ಣುಮುಚ್ಚಿ ಎರಡು ದಿಕ್ಕುಗಳನ್ನು ಆರಿಸಿದರೆ ಅವು ಹೆಚ್ಚುಕಡಿಮೆ ಯಾವಾಗಲೂ ಒಂದಕ್ಕೊಂದು ಲಂಬವಾಗಿಯೇ ಇರುತ್ತವೆ. ನೂರು ಜೋಡಿ ಆರಿಸಿದರೆ ಸುಮಾರು ತೊಂಬತ್ತೈದು ಜೋಡಿ 85ರಿಂದ 95 ಡಿಗ್ರಿಯೊಳಗೆ ಬೀಳುತ್ತವೆ. ಅಪರಿಚಿತರಿಬ್ಬರ ಮುಖಗಳೂ ಸುಮಾರಾಗಿ ಅಲ್ಲೇ, ತೊಂಬತ್ತರ ಆಸುಪಾಸಿನಲ್ಲಿ ಇರುತ್ತವೆ. ಒಂದಕ್ಕೊಂದು ಏನೂ ಸಂಬಂಧವಿಲ್ಲದ ಹಾಗೆ. ಆ ವಿಶಾಲವಾದ ಬಯಲಿನಲ್ಲಿ ಅಕ್ಕತಂಗಿಯರ ಮುಳ್ಳುಗಳು ಮಾತ್ರ ಒಂದರ ಕಡೆಗೊಂದು ಬಾಗಿರುತ್ತವೆ. ಹಾಗೆ ಬಾಗಬೇಕೆಂದು ಅವುಗಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗಾದರೆ ಯಾರು ಏನು ಹೇಳಿಕೊಟ್ಟಿದ್ದಾರೆ? ಆರ್ಕ್‌ಫೇಸ್‌ನ ಪಾಠಕ್ಕೆ ಬಳಸಿದ ಹೆಸರಾಂತ ಸಂಗ್ರಹವೊಂದರಲ್ಲಿ ಸುಮಾರು 85 ಸಾವಿರ ಜನರ 58 ಲಕ್ಷ ಚಿತ್ರಗಳಿವೆ, ಹೆಚ್ಚಿನವು ಖ್ಯಾತನಾಮರವು. ಪ್ರತಿ ಚಿತ್ರದ ಮೇಲೂ ಒಂದು ಹೆಸರು. ಮಾಡೆಲ್ಲಿಗೆ ಕೊಟ್ಟ ಕೆಲಸ ಒಂದೇ: ಒಂದೇ ಹೆಸರಿನ ಚಿತ್ರಗಳನ್ನು ಹತ್ತಿರ ತಾ, ಬೇರೆ ಹೆಸರಿನವನ್ನು ದೂರ ತಳ್ಳು. ಬರೀ ತಳ್ಳಿದರೆ ಸಾಲದೆಂದು 0.5 ರೇಡಿಯನ್, ಅಂದರೆ ಸುಮಾರು 29 ಡಿಗ್ರಿಯಷ್ಟು ಹೆಚ್ಚುವರಿ ಅಂತರವನ್ನೂ ಕೇಳುತ್ತಾರೆ. ಇದು ಬಿಗಿಯಾದ ಪಾಠವೇ. ಆದರೆ ಖ್ಯಾತರ ಪಟ್ಟಿಯಲ್ಲಿ ಒಬ್ಬ ನಟಿಯ ಜೊತೆ ಅವಳ ತಂಗಿಯೂ ಇರುವುದು ಅಪರೂಪ. ಹಾಗಾಗಿ ಮಾಡೆಲ್ ಕಲಿತದ್ದೆಲ್ಲ ಅಪರಿಚಿತರನ್ನು ಅಪರಿಚಿತರಿಂದ ಬೇರೆ ಮಾಡುವುದನ್ನು. ಒಂದೇ ಮನೆಯಲ್ಲಿ ಹುಟ್ಟಿದ ಎರಡು ಮುಖಗಳನ್ನು ಬಿಡಿಸು ಎಂಬ ಪ್ರಶ್ನೆಯೇ ಅದರ ಪರೀಕ್ಷೆಯಲ್ಲಿ ಬಂದದ್ದು ಕಡಿಮೆ.

ಇದು ಅರ್ಧ ಕಾರಣ. ಇನ್ನರ್ಧ ನನಗೆ ಹೊಳೆದದ್ದು ಆ ಟ್ರಂಕಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ. ಮಾಡೆಲ್ ಕಲಿಯುವ ಮುಖ್ಯ ವಿದ್ಯೆ ಕ್ಷಮಿಸುವುದು. ಇವತ್ತು ಬಿಸಿಲಲ್ಲಿ ನಿಂತವನೂ ನಾಳೆ ಟ್ಯೂಬ್‌ಲೈಟಿನ ಕೆಳಗೆ ಕೂತವನೂ ಒಬ್ಬನೇ. ಗಡ್ಡ ಬಿಟ್ಟವನೂ ಬೋಳಿಸಿದವನೂ ಒಬ್ಬನೇ. ದಪ್ಪಗಾದರೂ, ಸೊರಗಿದರೂ, ನಕ್ಕರೂ, ಕನ್ನಡಕ ಹಾಕಿದರೂ, ಮೂವತ್ತು ವರ್ಷ ಕಳೆದರೂ ಹೆಸರು ಅದೇ. ಹಾಗಾಗಿ ಬೆಳಕು, ಬಣ್ಣ, ಕೆನ್ನೆಯ ತುಂಬು, ವಯಸ್ಸು, ನಗು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಲಕ್ಷಾಂತರ ಚಿತ್ರಗಳು ಅದಕ್ಕೆ ಮತ್ತೆ ಮತ್ತೆ ಹೇಳಿವೆ. ಅಮ್ಮನಿಗೂ ಚಿಕ್ಕಮ್ಮನಿಗೂ ಇರುವ ವ್ಯತ್ಯಾಸಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಅಮ್ಮ ಸ್ವಲ್ಪ ಕಪ್ಪು. ಚಿಕ್ಕಮ್ಮನ ಕೆನ್ನೆ ತುಂಬಿಕೊಂಡಿದೆ. ಅಮ್ಮನಿಗೆ ಮೂರು ವರ್ಷ ಹೆಚ್ಚು. ಚಿಕ್ಕಮ್ಮ ನಕ್ಕರೆ ಬಾಯಿ ಒಂದು ಕಡೆಗೆ ಹೆಚ್ಚು ಎಳೆಯುತ್ತದೆ. ಬರೆದು ಮುಗಿಸಿ ನೋಡಿದರೆ ಪಟ್ಟಿಯ ಬಹುಪಾಲು ಮಾಡೆಲ್ ಕ್ಷಮಿಸಲು ಕಲಿತ ಸಂಗತಿಗಳೇ ಆಗಿದ್ದವು.

ಎಲ್ಲವನ್ನೂ ಕ್ಷಮಿಸಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಮೂಳೆಯ ಕಟ್ಟು: ಕಣ್ಣುಗಳ ಅಂತರ, ಮೂಗಿನ ಬುಡ, ಮೇಲ್ದವಡೆ, ಹುಬ್ಬಿನ ಏಣು. ಬಾಲ್ಯ ಕಳೆದ ಮೇಲೆ ಬಹಳ ವರ್ಷ ಒಬ್ಬರ ಮುಖದಲ್ಲಿ ಹೆಚ್ಚು ಕದಲದೆ ನಿಲ್ಲುವುದು ಅದು. ವಂಶದಲ್ಲಿ ಹರಿದು ಬರುವುದರಲ್ಲೂ ಅದರ ಪಾಲು ದೊಡ್ಡದು. ಎರಡು ಕಣ್ಣುಗಳ ನಡುವೆ ಮೂಗು ಶುರುವಾಗುವ ತಗ್ಗಿಗೂ PAX3 ಎಂಬ ಜೀನಿಗೂ ನಂಟಿದೆ ಎಂದು 2012ರಲ್ಲಿ ಎರಡು ಬೇರೆ ಬೇರೆ ಸಂಶೋಧನಾ ತಂಡಗಳು ತೋರಿಸಿದವು. ಒಡಹುಟ್ಟಿದವರು ಇಂಥ ಜೀನುಗಳಲ್ಲಿ ಸರಾಸರಿ ಅರ್ಧವನ್ನು ಹಂಚಿಕೊಂಡಿರುತ್ತಾರೆ. ಅಂದರೆ ಆಯುಷ್ಯವಿಡೀ ನನ್ನದಾಗಿ ಉಳಿಯುವುದು ಯಾವುದು ಎಂದು ಹುಡುಕುತ್ತ ಹೊರಟ ಯಂತ್ರ, ದಾರಿಯಲ್ಲಿ ತಾನಾಗಿ ನನ್ನ ಮನೆತನವನ್ನು ತಲುಪುತ್ತದೆ. ಅಮ್ಮನ ಮುಖದಲ್ಲಿ ಅರವತ್ತು ವರ್ಷ ಬದಲಾಗದ್ದನ್ನು ಅದು ಹೆಕ್ಕಿ ತೆಗೆದಾಗ ಕೈಗೆ ಸಿಕ್ಕಿದ್ದು ನನ್ನ ತಾತನ ಮೂಗು. ಅದು ಚಿಕ್ಕಮ್ಮನ ಹತ್ತಿರವೂ ಇತ್ತು.

ಇದನ್ನು ಮೊದಲು ಅರಿತ ದಿನ ನಾನು ಕೆಲಸ ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ಕೂತಿದ್ದೆ.

ಈಗ ಗುಂಪಿನ ವಿಷಯ. ಎರಡು ಫೋಟೋ ಒಬ್ಬರವೇ ಎಂದು ಒಪ್ಪಲು ತಂತ್ರಾಂಶ ಒಂದು ಹೊಸ್ತಿಲು ಇಟ್ಟುಕೊಂಡಿರುತ್ತದೆ. ಕೋನದ ಕೊಸೈನ್ 0.4ಕ್ಕಿಂತ ಹೆಚ್ಚಿದ್ದರೆ, ಅಂದರೆ ಕೋನ ಸುಮಾರು 66 ಡಿಗ್ರಿಗಿಂತ ಕಡಿಮೆಯಿದ್ದರೆ ಒಬ್ಬರೇ ಎಂದಿಟ್ಟುಕೊಳ್ಳಿ. ಹೊಸ್ತಿಲು ದಾಟಿದ ಒಂದು ಜೋಡಿ ಸಿಕ್ಕರೂ ಸಾಕು, ಎರಡೂ ಕಡೆಯ ರಾಶಿಗಳು ಸೇರಿಬಿಡುತ್ತವೆ. ಅರವತ್ತರ ಅಮ್ಮನಿಗೂ ಅರವತ್ತರ ಚಿಕ್ಕಮ್ಮನಿಗೂ ನೇರ ಹೋಲಿಕೆ ಅಷ್ಟೇನೂ ಇರಲಿಲ್ಲ. ಆದರೆ ಅರವತ್ತರ ಅಮ್ಮ ನಲವತ್ತರ ಅಮ್ಮನ ಕೈ ಹಿಡಿದಿದ್ದಳು, ನಲವತ್ತರವಳು ಇಪ್ಪತ್ತರವಳ ಕೈ, ಇಪ್ಪತ್ತರವಳು ಹನ್ನೆರಡರ ಹುಡುಗಿಯ ಕೈ. ಆ ಹನ್ನೆರಡರ ಹುಡುಗಿ ಮೂರು ವರ್ಷದ ನಂತರ ಅದೇ ಸ್ಟುಡಿಯೋದಲ್ಲಿ ಅದೇ ಲಂಗ ಉಟ್ಟು ನಿಂತ ಇನ್ನೊಬ್ಬ ಹನ್ನೆರಡರ ಹುಡುಗಿಯ ಕೈ ಹಿಡಿದಳು. ಅವಳು ಚಿಕ್ಕಮ್ಮ. ಅಕ್ಕನ ಲಂಗ ತಂಗಿಗೆ ಬರುವುದು ಆ ಕಾಲದ ಎಲ್ಲ ಮನೆಗಳ ರೂಢಿ. ಬಟ್ಟೆ ಚೌಕದೊಳಗೆ ಬರುವುದಿಲ್ಲ, ನಿಜ. ಆದರೆ ಅದೇ ಬೆಳಕು, ಅದೇ ವಯಸ್ಸು, ಅದೇ ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಹಣೆ ಬರುತ್ತದೆ. ಮಕ್ಕಳ ಮುಖದಲ್ಲಿ ಮೂಳೆ ಇನ್ನೂ ತನ್ನ ಗುಟ್ಟು ಬಿಟ್ಟುಕೊಟ್ಟಿರುವುದಿಲ್ಲವಾದ್ದರಿಂದ ಮಾಡೆಲ್‌ಗಳು ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು ತಪ್ಪುತ್ತವೆ. ಇಡೀ ಎರಡು ಬದುಕುಗಳು ಹೊಲಿಗೆಯಾದದ್ದು ಆ ಒಂದು ಜೋಡಿ ಫೋಟೋದ ದಾರದಿಂದ.

ಬಿಡಿಸಲು ಒಂದು ಸುಲಭದ ದಾರಿ ಇತ್ತು, ಅದು ಟ್ರಂಕಿನಲ್ಲೇ ಇತ್ತು. ಒಂದು ಫೋಟೋದಲ್ಲಿ ಒಬ್ಬಳೇ ಎರಡು ಸಲ ಇರಲಾರಳು. ಅಕ್ಕತಂಗಿಯರಿಬ್ಬರೂ ಒಟ್ಟಿಗೆ ನಿಂತ ಫೋಟೋಗಳು ಹದಿನೇಳು ಸಿಕ್ಕವು. ಪ್ರತಿಯೊಂದೂ ಇವರು ಇಬ್ಬರು ಎಂಬುದಕ್ಕೆ ಸಾಕ್ಷಿ. ಆ ಜೋಡಿಗಳು ಎಂದೂ ಸೇರಬಾರದು ಎಂದು ಕಟ್ಟುಹಾಕಿದ ಮೇಲೆ, ಹೊಸ ಫೋಟೋ ಒಂದು ರಾಶಿಗೆ ಸೇರಬೇಕಾದರೆ ಒಂದಲ್ಲ, ಕನಿಷ್ಠ ನಾಲ್ಕು ಫೋಟೋಗಳಿಗೆ ಹೋಲಬೇಕು ಎಂದು ನಿಯಮ ಬಿಗಿಮಾಡಿದ ಮೇಲೆ ರಾಶಿ ಎರಡಾಯಿತು. ಬಾಲ್ಯದ ಒಂದಿಷ್ಟು ಚಿತ್ರಗಳು ಮಾತ್ರ ಎಲ್ಲಿ ಹೋಗಬೇಕೆಂದು ತಿಳಿಯದೆ ನಡುವೆ ನಿಂತವು.

ಇಂಥ ಯಂತ್ರಗಳ ಬಗ್ಗೆ ಲಕ್ಷಕ್ಕೊಂದು ತಪ್ಪು, ಹತ್ತು ಲಕ್ಷಕ್ಕೊಂದು ತಪ್ಪು ಎಂಬ ಲೆಕ್ಕ ಓದುವಾಗ ಈ ಟ್ರಂಕು ನೆನಪಾಗುತ್ತದೆ. ಆ ಲೆಕ್ಕ ದಾರಿಹೋಕರ ನಡುವೆ ತೆಗೆದದ್ದು. 2017ರಲ್ಲಿ ಆಪಲ್ ಕಂಪನಿ ಮುಖ ತೋರಿಸಿ ಫೋನ್ ತೆರೆಯುವ ಫೇಸ್ ಐಡಿಯನ್ನು ತಂದಾಗ ಬೇರೊಬ್ಬರ ಮುಖಕ್ಕೆ ಅದು ತೆರೆಯುವ ಸಂಭವ ಹತ್ತು ಲಕ್ಷದಲ್ಲಿ ಒಂದು ಎಂದಿತು. ಜೊತೆಗೇ ಅವಳಿಗಳಿಗೆ, ಹೋಲಿಕೆಯಿರುವ ಒಡಹುಟ್ಟಿದವರಿಗೆ ಮತ್ತು 13 ವರ್ಷದೊಳಗಿನ ಮಕ್ಕಳಿಗೆ ಈ ಲೆಕ್ಕ ಬೇರೆ ಎಂದೂ ಬರೆದಿತ್ತು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಟ್ವಿನ್ಸ್‌ಬರ್ಗ್ ಎಂಬ ಊರಿದೆ. ಅಲ್ಲಿ ಪ್ರತಿ ವರ್ಷ ಅವಳಿಗಳ ಜಾತ್ರೆ ನಡೆಯುತ್ತದೆ. ನೋಟ್ರೆ ಡೇಮ್ ವಿಶ್ವವಿದ್ಯಾಲಯದವರು 2009 ಮತ್ತು 2010ರಲ್ಲಿ ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗಿ ಅವಳಿಗಳ ಚಿತ್ರಗಳನ್ನು ಕಲೆಹಾಕಿದರು. ಅಚ್ಚು ಅವಳಿಗಳ ಮುಂದೆ ಇವತ್ತಿನ ಒಳ್ಳೊಳ್ಳೆಯ ಮಾಡೆಲ್‌ಗಳೂ ಸೋಲುತ್ತವೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಅವಳಿಗಳಲ್ಲ, ಮೂರು ವರ್ಷ ಅಂತರದ ಈ ಸಾಮಾನ್ಯ ಅಕ್ಕತಂಗಿಯರು. ಫೋನು ಇರುವುದು ಮನೆಯೊಳಗೆ, ದಾರಿಹೋಕರಿಗಿಂತ ತಂಗಿಯೇ ಅದರ ಹತ್ತಿರ ಇರುತ್ತಾಳೆ.

ಇಷ್ಟಾದ ಮೇಲೆ ಮುಖ ಅದಲುಬದಲು ಮಾಡಿ ನೋಡುವ ಆಸೆಯಾಯಿತು. ಅಮ್ಮನನ್ನೂ ಚಿಕ್ಕಮ್ಮನನ್ನೂ ಕೇಳಿದೆ. ಇಬ್ಬರೂ ನಕ್ಕು ಒಪ್ಪಿದರು. ಬಳಸಿದ್ದು ಬಹಳ ಜನರ ಕೈಯಲ್ಲಿರುವ `inswapper_128.onnx` ಎಂಬ ಮಾಡೆಲ್ಲನ್ನು. ಇದು ಎರಡು ವಸ್ತು ಕೇಳುತ್ತದೆ. ಒಂದು, ಯಾರ ಮುಖವನ್ನು ಹಚ್ಚಬೇಕೋ ಅವರ 512 ಅಂಕೆಗಳು. ಅದೂ ಆರ್ಕ್‌ಫೇಸ್ ಮಾದರಿಯವೇ. ಇನ್ನೊಂದು, ಯಾರ ಮೇಲೆ ಹಚ್ಚಬೇಕೋ ಅವರ ಚಿತ್ರದಿಂದ ಕತ್ತರಿಸಿದ 128 ಪಿಕ್ಸೆಲ್ಲಿನ ಚೌಕ. ಅಮ್ಮನಿಂದ ಅಂಕೆಗಳು, ಚಿಕ್ಕಮ್ಮನಿಂದ ಚೌಕ. ತಲೆಯ ಓರೆ, ಬೆಳಕು, ನಗು, ಮುಖದ ಹೊರಗೆರೆ ಎಲ್ಲ ಚಿಕ್ಕಮ್ಮನವು. ಅವುಗಳ ನಡುವೆ ಹುಬ್ಬು, ಕಣ್ಣು, ಮೂಗು, ಬಾಯಿಯನ್ನು ಅಮ್ಮನ ಅಂಕೆಗಳ ಪ್ರಕಾರ ಹೊಸದಾಗಿ ಬರೆದು ಮತ್ತೆ ಅಂಟಿಸುತ್ತದೆ.

ಅಪರಿಚಿತರ ನಡುವೆ ಇದನ್ನು ಮಾಡಿದರೆ ಕೆಲಸ ಆಯಿತೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಬ್ಬನ ದವಡೆಯೊಳಗೆ ಇನ್ನೊಬ್ಬನ ಮೂಗು ಕೂತಾಗ ಅಳತೆಗಳು ಜಗಳವಾಡುತ್ತವೆ. ಗಲ್ಲದ ಅಂಚಿನಲ್ಲಿ, ಹಣೆಯ ಮೇಲ್ಗಡೆ, ಬಣ್ಣ ಸೇರುವಲ್ಲಿ ಹೊಲಿಗೆ ಕಾಣುತ್ತದೆ. ಅಮ್ಮನ ಮುಖ ಚಿಕ್ಕಮ್ಮನ ಮುಖದೊಳಗೆ ಕೂತಾಗ ಅಂಥದ್ದೇನೂ ಇರಲಿಲ್ಲ. ತನ್ನ ಮನೆಗೇ ಬಂದಂತೆ ಕೂತಿತ್ತು. ಆ ಹೊರಗೆರೆಯೂ ಅದೇ ತಾತ ಅಜ್ಜಿಯರಿಂದ ಬಂದದ್ದಲ್ಲವೇ?

ತೊಡಕು ಶುರುವಾದದ್ದು ಅಳೆಯಲು ಹೊರಟಾಗ. ಇಂಥ ಬದಲಾವಣೆ ಎಷ್ಟು ಸಫಲವಾಯಿತು ಎಂದು ತಿಳಿಯಲು ಸಾಮಾನ್ಯವಾಗಿ ಮಾಡುವುದು ಹೀಗೆ: ಹೊಸ ಚಿತ್ರದ ಅಂಕೆಗಳನ್ನು ತೆಗೆದು ಅಮ್ಮನ ಅಂಕೆಗಳ ಜೊತೆ ಹೋಲಿಸುವುದು. ಹೊಸ್ತಿಲು ದಾಟಿದರೆ ಗೆದ್ದ ಹಾಗೆ. ಅಕ್ಕತಂಗಿಯರ ಮುಳ್ಳುಗಳ ನಡುವೆ 65 ಡಿಗ್ರಿ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. 65 ಡಿಗ್ರಿಯ ಕೊಸೈನ್ 0.42. ಹೊಸ್ತಿಲು 0.4. ಏನನ್ನೂ ಬದಲಿಸದ, ಮುಟ್ಟಿಯೇ ಇಲ್ಲದ ಚಿಕ್ಕಮ್ಮನ ಫೋಟೋ ಆಗಲೇ ತೇರ್ಗಡೆ! ಕೆಲಸ ಶುರುವಾಗುವ ಮೊದಲೇ ಮುಗಿದಿದೆ ಎನ್ನುತ್ತದೆ ಅಳತೆಗೋಲು. ಒಳಗಿನ ಯಂತ್ರ ಏನೂ ಮಾಡದೆ ಕೈಕಟ್ಟಿ ಕೂತರೂ ನಮಗೆ ತಿಳಿಯದು.

ಇನ್ನೊಂದು ಹೆಜ್ಜೆ ಹೋಗಿ. ಹೊಸ ಮುಖ ಎರಡು ಮುಳ್ಳುಗಳ ಸರಿ ನಡುವೆ ಬಂದು ನಿಂತಿತು ಎನ್ನಿ. ನಿಜದಲ್ಲಿ ಅದು ಇಷ್ಟು ನೇರ ದಾರಿಯಲ್ಲಿ ಸಾಗುವುದಿಲ್ಲ, ಸ್ವಲ್ಪ ಆಚೀಚೆ ಸರಿದೇ ನಿಲ್ಲುತ್ತದೆ. ಆದರೂ ಅಂದಾಜಿಗೆ ಸಾಕು. ತೊಂಬತ್ತು ಡಿಗ್ರಿ ದೂರದ ಅಪರಿಚಿತರಾದರೆ ನಡುವಿನ ಮುಖ ಇಬ್ಬರಿಂದಲೂ 45 ಡಿಗ್ರಿ, ಹೋಲಿಕೆ 0.71. ಅಕ್ಕತಂಗಿಯರಾದರೆ ಇಬ್ಬರಿಂದಲೂ 32.5 ಡಿಗ್ರಿ, ಹೋಲಿಕೆ 0.84. ಅಷ್ಟು ಹೋಲಿಕೆ ಅಮ್ಮನ ಎರಡು ಬೇರೆ ಬೇರೆ ಕಾಲದ ಫೋಟೋಗಳ ನಡುವೆಯೂ ಇರಲಿಲ್ಲ. ನಡುವಿನ ಆ ಮುಖ ಅಮ್ಮನಿಗೆ ಅಮ್ಮನಿಗಿಂತ ಹತ್ತಿರ, ಚಿಕ್ಕಮ್ಮನಿಗೆ ಚಿಕ್ಕಮ್ಮನಿಗಿಂತ ಹತ್ತಿರ. ಹುಟ್ಟಲೇ ಇಲ್ಲದ ಒಬ್ಬ ಮೂರನೆಯ ಮಗಳು. ಹಾಗಾಗಿ ನೆಂಟರ ನಡುವಿನ ಬದಲಾವಣೆಯನ್ನು ಅಳೆಯಬೇಕಾದರೆ ಒಂದೇ ಕಡೆಯ ಹೋಲಿಕೆ ನೋಡಿ ನಂಬಬಾರದು. ಅಮ್ಮನ ಜೊತೆಗಿನ ಹೋಲಿಕೆಯಿಂದ ಚಿಕ್ಕಮ್ಮನ ಜೊತೆಗಿನ ಹೋಲಿಕೆಯನ್ನು ಕಳೆದು ನೋಡಬೇಕು. ಉಳಿದದ್ದು ಸೊನ್ನೆಯ ಹತ್ತಿರವಿದ್ದರೆ ಮುಖ ನಡುದಾರಿಯಲ್ಲಿ ನಿಂತಿದೆ. ಋಣದಲ್ಲಿದ್ದರೆ ಅದು ಹೊರಟೇ ಇಲ್ಲ. ಹೀಗೆ ನಡುವೆಯೇ ನಿಲ್ಲುವುದಕ್ಕೂ ಕಾರಣವಿದೆ. ಇಂಥ ಮಾಡೆಲ್‌ಗಳಿಗೆ ಕಲಿಸುವಾಗ ಹೊಸ ಮುಖ ಎಷ್ಟು ದೂರದಲ್ಲಿದೆಯೋ ಅಷ್ಟು ದಂಡ ಹಾಕಿ ತಿದ್ದುತ್ತಾರೆ. ಅಪರಿಚಿತರ ನಡುವೆ ದಂಡ ದೊಡ್ಡದು, ಅಕ್ಕತಂಗಿಯರಂಥವರ ನಡುವೆ ಚಿಕ್ಕದು. ಅವರನ್ನು ಬಿಡಿಸುವ ಸಣ್ಣ ಗೆರೆಗಳ ಮೇಲೆ ಕೈಪಳಗಲು ಅದಕ್ಕೆ ಒತ್ತಾಯವೇ ಇರಲಿಲ್ಲ.

ಮಚ್ಚೆ ಏನಾಯಿತು ಎಂದು ನೋಡಿದೆ. ಚಿಕ್ಕಮ್ಮನ ಕೆನ್ನೆಯನ್ನು ಹೊಸದಾಗಿ ಬರೆಯುವಾಗ ಅದು ಮಾಸಿಹೋಗಿತ್ತು. ಅಮ್ಮನ ಹುಬ್ಬಿನ ಗೆರೆಯೂ ಬಂದಿರಲಿಲ್ಲ. ಆ 512 ಅಂಕೆಗಳಲ್ಲಿ ಉಯ್ಯಾಲೆಯ ಸುದ್ದಿಯೇ ಇರಲಿಲ್ಲವಲ್ಲ, ಎಲ್ಲಿಂದ ಬರಬೇಕು. ಹುಟ್ಟಿನಿಂದ ಬಂದದ್ದು ದಾಟಿತು, ಬದುಕಿನಿಂದ ಬಂದದ್ದು ಎರಡೂ ಕಡೆ ಕಳೆದುಹೋಯಿತು. ಸುಳ್ಳು ಚಿತ್ರಗಳನ್ನು ಪತ್ತೆಹಚ್ಚುವ ತಂತ್ರಗಳಿಗೂ ಇಂಥ ಚಿತ್ರ ಕಷ್ಟವಾಗಬೇಕು. 2020ರಲ್ಲಿ ಬಂದ ಫೇಸ್ ಎಕ್ಸ್‌ರೇ ಎಂಬ ವಿಧಾನ ಅಂಟಿಸಿದ ಅಂಚನ್ನು ಹುಡುಕುತ್ತದೆ. ಇನ್ನೊಂದು ಬಗೆಯದು ಮುಖದ ಒಳಭಾಗ ಮತ್ತು ಹೊರಭಾಗ ಒಬ್ಬರವೇ ಹೌದೇ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಗೆ ಅಕ್ಕತಂಗಿಯರ ಮುಖ ಹೌದು ಎಂದು ಉತ್ತರಿಸುವ ಸಾಧ್ಯತೆಯೇ ಹೆಚ್ಚು. ಅವರೊಳಗೆ ಒಳಗೂ ಹೊರಗೂ ಜಗಳವಿಲ್ಲ.

ಆ ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಅಜ್ಜಿಗೆ ಎಂಬತ್ತಾರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ. ಏನೂ ಹೇಳದೆ ಫೋನನ್ನು ಕೈಗೆ ಕೊಟ್ಟೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಚಿಕ್ಕವಳೇ ಕಣೋ,” ಅಂದಳು. ಆಮೇಲೆ ಹುಬ್ಬು ಗಂಟಿಕ್ಕಿಕೊಂಡು, “ಯಾಕೋ ಹಿಂಗಿದ್ದಾಳೆ? ಜ್ವರ ಬಂದಿತ್ತಾ ಇವಳಿಗೆ?”

ಆ ಮಾತು ಕೇಳಿ ನನಗೆ ಮೈ ಜುಂ ಎಂದಿತು. ಮಗಳ ಮುಖದ ನಡುವಿನ ಅಷ್ಟೂ ಭಾಗ ಇನ್ನೊಬ್ಬ ಮಗಳದ್ದಾಗಿತ್ತು. ಅದು ಅಜ್ಜಿಗೆ ಬೇರೆ ವ್ಯಕ್ತಿಯಂತೆ ಕಾಣಲಿಲ್ಲ, ತನ್ನ ಮಗಳ ಒಂದು ಕೆಟ್ಟ ದಿನದಂತೆ ಕಂಡಿತು. ಒಬ್ಬ ಮಗಳಿಂದ ಇನ್ನೊಬ್ಬ ಮಗಳಿಗೆ ಇರುವ ದೂರ ಹಾಗೂ ಆರೋಗ್ಯವಾಗಿದ್ದ ಮಗಳಿಂದ ಜ್ವರದಲ್ಲಿ ಮಲಗಿದ್ದ ಅದೇ ಮಗಳಿಗೆ ಇರುವ ದೂರ ಸುಮಾರಾಗಿ ಒಂದೇ. ಮಾಡೆಲ್ ಎಡವಿದ ಕಲ್ಲೂ ಅದೇ ಅಲ್ಲವೇ? ಆದರೆ ಯಂತ್ರ ಏನೂ ಆಗಿಲ್ಲವೆಂದು ದಾಟಿಹೋದ ಜಾಗದಲ್ಲಿ ಅಜ್ಜಿ ನಿಂತಳು. ಏನೋ ಸರಿಯಿಲ್ಲ ಎಂದು ಅವಳಿಗೆ ಗೊತ್ತಾಯಿತು.

2011ರಲ್ಲಿ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಇಬ್ಬರು ಡಚ್ ಖ್ಯಾತನಾಮರ ಇಪ್ಪತ್ತಿಪ್ಪತ್ತು ಫೋಟೋಗಳನ್ನು, ಒಟ್ಟು ನಲವತ್ತನ್ನು ಕಲೆಸಿ, ಅವರನ್ನು ಎಂದೂ ನೋಡಿರದ ಬ್ರಿಟನ್ನಿನ ಜನರ ಕೈಗೆ ಕೊಟ್ಟು ಒಬ್ಬೊಬ್ಬರದನ್ನು ಒಂದೊಂದು ರಾಶಿ ಮಾಡಿ ಎಂದರು. ಇಬ್ಬರೇ ಇದ್ದ ಕಡೆ ಜನ ಏಳೆಂಟು ರಾಶಿಗಳನ್ನು ಮಾಡಿದರು. ಆ ಮುಖಗಳನ್ನು ಬಲ್ಲ ಡಚ್ ಜನಕ್ಕೆ ಕೊಟ್ಟಾಗ ಅವರು ಸಲೀಸಾಗಿ ಎರಡೇ ಮಾಡಿದರು. ಪರಿಚಯ ಎಂದರೆ ಆ ಒಬ್ಬರ ಮುಖ ಎಷ್ಟು ಬಗೆಯಾಗಿ ಬದಲಾಗಬಲ್ಲದು ಎಂದು ತಿಳಿದಿರುವುದು. ಮಾಡೆಲ್ 85 ಸಾವಿರ ಜನರಿಂದ ಕ್ಷಮೆಯ ಒಂದು ಸಾಮಾನ್ಯ ಅಳತೆಯನ್ನು ಕಲಿತು ಎಲ್ಲರಿಗೂ ಅದನ್ನೇ ಹಚ್ಚುತ್ತದೆ. ಅಜ್ಜಿಯ ಹತ್ತಿರ ದೊಡ್ಡವಳಿಗೊಂದು, ಚಿಕ್ಕವಳಿಗೊಂದು ಬೇರೆ ಬೇರೆ ಅಳತೆ ಇದೆ. ಚಿಕ್ಕವಳು ಅತ್ತರೆ ಕಣ್ಣಿನ ಕೆಳಗೆ ಊದುತ್ತದೆ, ದೊಡ್ಡವಳದು ಊದುವುದಿಲ್ಲ, ಅವಳ ಮೂಗು ಕೆಂಪಾಗುತ್ತದೆ. ಹೀಗೆ ಅವಳು ಹೇಳುತ್ತ ಹೋದರೆ ಮುಗಿಯುವುದಿಲ್ಲ.

ಅದನ್ನೇ ಯಂತ್ರಕ್ಕೂ ಸ್ವಲ್ಪ ಕಲಿಸಬಹುದು ಎಂದು ಹೊಳೆಯಿತು. ಆ 512 ಅಂಕೆಗಳಲ್ಲಿ ಅಕ್ಕತಂಗಿಯರ ವ್ಯತ್ಯಾಸ ಪೂರ್ತಿ ಅಳಿಸಿಹೋಗಿರುವುದಿಲ್ಲ. ಇಬ್ಬರೂ ಒಬ್ಬರೇ ಹೌದೇ ಎಂದು ಕೇಳುವ ಹೊಸ್ತಿಲಿಗೆ ಅದು ಕಾಣುವುದಿಲ್ಲ ಅಷ್ಟೇ. ಜಗತ್ತಿನ ಉಳಿದವರನ್ನೆಲ್ಲ ಮರೆತು, ಇವರಿಬ್ಬರಲ್ಲಿ ಯಾರು ಎಂದಷ್ಟೇ ಕೇಳಿದರೆ ಅದು ಮಾತಾಡುತ್ತದೆ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬೊಬ್ಬರ ಮೂವತ್ತು ಫೋಟೋಗಳಿಗೆ ದೊಡ್ಡವಳು, ಚಿಕ್ಕವಳು ಎಂದು ಹೆಸರು ಹಾಕಿದೆ. ಎಲ್ಲ ವಯಸ್ಸಿನವೂ ಇರಲಿ ಎಂದು ನೋಡಿಕೊಂಡೆ. ಬರೀ ಈಗಿನ ಫೋಟೋಗಳನ್ನು ಕೊಟ್ಟರೆ ಅದು ಮೂಗು ಬಿಟ್ಟು ಬೇರೆ ಯಾವುದೋ ಸುಳಿವನ್ನು ಹಿಡಿದುಕೊಂಡು ಕೂರುತ್ತದೆ. ಆ ಅರವತ್ತು ಅಂಕೆಸಾಲುಗಳ ನಡುವೆ ಒಂದು ನೇರ ಗೆರೆ ಎಳೆಯುವಷ್ಟು ಚಿಕ್ಕ ಲೆಕ್ಕ ಸಾಕಾಯಿತು. ನಡುವೆ ನಿಂತಿದ್ದ ಬಾಲ್ಯದ ಚಿತ್ರಗಳು ಒಂದೊಂದಾಗಿ ತಮ್ಮ ತಮ್ಮ ಕಡೆಗೆ ಹೋದವು. ಅಜ್ಜಿಗೆ ತೋರಿಸಿ ತಾಳೆ ನೋಡಿದೆ, ಒಪ್ಪಿದಳು.

ಒಂದು ಮಾತ್ರ ಉಳಿಯಿತು. ನಾಲ್ಕೈದು ವರ್ಷದ ಹುಡುಗಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತದ್ದು, ಒಂದು ಮೂಲೆ ಹರಿದದ್ದು. ಅದರ ಮುಳ್ಳು ಎಳೆದ ಗೆರೆಯ ಮೇಲೆಯೇ ನಿಂತಿತು. ಅಮ್ಮ ಇದು ನಾನು ಎಂದಳು. ಚಿಕ್ಕಮ್ಮ ಫೋನಿನಲ್ಲೇ ನೋಡಿ ನಾನೇ ಎಂದಳು. ಫೋಟೋದ ಹಿಂದೆ ಇಸವಿಯೂ ಇರಲಿಲ್ಲ. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ಮುಖದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ ಹಾಗೆ ಹಿಡಿದು, ಹರಿದ ಮೂಲೆಯ ಕಡೆಗೆ ನೋಡಿದಳು.

“ಚಿಕ್ಕವಳು,” ಅಂದಳು.

“ಹೆಂಗೆ ಗೊತ್ತಾಯ್ತು ಅಜ್ಜಿ?”

“ಕ್ಯಾಮೆರಾ ನೋಡ್ತಿಲ್ಲ ನೋಡು. ಇಲ್ಲಿ, ಈ ಹರಿದಿರೋ ಕಡೆ ಅಕ್ಕ ನಿಂತಿದ್ದಳು. ಅವಳು ಇರೋ ಕಡೆಗೇ ನೋಡ್ತಿದಾಳೆ.”

ನಾನು ಫೋಟೋವನ್ನು ಮತ್ತೆ ಸ್ಕ್ಯಾನರಿನ ಮೇಲಿಟ್ಟೆ. ಈ ಸಲ ಹರಿದ ಅಂಚೂ ಪೂರ್ತಿ ಬರುವಂತೆ ಸರಿಸಿ, ಮುಚ್ಚಳ ಹಾಕಿದೆ.